ಪ್ರವರ್ತಕರ ಶೇ 55ರಲ್ಲಿ ಕುಟುಂಬದ ಪಾಲು ಎಷ್ಟು?

ಪ್ರಶ್ನೆ: ಒಂದೇ ಕುಟುಂಬದ ಎರಡು ಲಿಸ್ಟೆಡ್ ಕಂಪನಿಗಳನ್ನು ನೋಡುತ್ತಿದ್ದೇನೆ. ಯಂತ್ರ ತಯಾರಿಸುವ ಕಂಪನಿಯ ಮಾರುಕಟ್ಟೆ ಮೌಲ್ಯ 1,000 ಕೋಟಿ ರೂಪಾಯಿ, ಅದರಲ್ಲಿ ಪ್ರವರ್ತಕರ ಪಾಲು ಶೇ 55. ರಸಾಯನ ಕಂಪನಿಯ ಮೌಲ್ಯ 400 ಕೋಟಿ, ಪ್ರವರ್ತಕರ ಪಾಲು ಶೇ 58. ಕುಟುಂಬದ ಆಸ್ತಿ 550 ಮತ್ತು 232 ಸೇರಿ 782 ಕೋಟಿ ಎಂದು ನಾನು ಹಾಕಿದ ಲೆಕ್ಕವನ್ನು ಸ್ನೇಹಿತರೊಬ್ಬರು ತಪ್ಪು ಎಂದರು. ಅದೇ ಲಾಂಛನದ ಸಾಗಣೆ ಕಂಪನಿಯೂ ಒಂದಿದೆ, ಆದರೆ ಅದು ಈ ಎರಡೂ ಕಂಪನಿಗಳ ಪ್ರವರ್ತಕರ ಪಟ್ಟಿಗಳಲ್ಲಿ ಕಾಣುವುದಿಲ್ಲ. ಇದರಲ್ಲಿ ಕುಟುಂಬದ್ದು ಯಾವುದು, ಬರೀ ಗ್ರೂಪ್‌ನದ್ದು ಯಾವುದು ಎಂದು ಬಿಡಿಸುವುದು ಹೇಗೆ?

ಕಂಪನಿ ಸೆಕ್ರೆಟರಿ: ನಿಮ್ಮ ಸ್ನೇಹಿತರ ಅನುಮಾನ ಸರಿಯಾಗಿದೆ, ಆದರೆ ಲೆಕ್ಕ ಎಷ್ಟು ತಪ್ಪಿದೆ ಎಂಬುದನ್ನು ಈ ಎರಡು ಮೊತ್ತಗಳಿಂದ ಹೇಳಲು ಬರುವುದಿಲ್ಲ. ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಲಿಸ್ಟೆಡ್ ಕಂಪನಿಗಳು ಯಾರ ಬಳಿ ಎಷ್ಟು ಷೇರು ಇದೆ ಎಂದು ತೋರಿಸುವ ಷೇರ್‌ಹೋಲ್ಡಿಂಗ್ ಪ್ಯಾಟರ್ನ್ ಅನ್ನು ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಬೇಕು. ಅದರಲ್ಲಿ ಪ್ರವರ್ತಕರು ಮತ್ತು ಪ್ರವರ್ತಕ ಸಮೂಹಕ್ಕೆ ಪ್ರತ್ಯೇಕ ಕೋಷ್ಟಕ ಇರುತ್ತದೆ. ನೀವು ನೋಡಿರುವುದು ಆ ಕೋಷ್ಟಕದ ಕೊನೆಯ ಸಾಲನ್ನು ಮಾತ್ರ, ಆದರೆ ಉತ್ತರ ಇರುವುದು ಅದರ ಮೇಲಿನ ಸಾಲುಗಳಲ್ಲಿ. ಎರಡೂ ಕಂಪನಿಗಳ ಕೋಷ್ಟಕವನ್ನು ತೆರೆದು, ಯಾರ ಹೆಸರಿನಲ್ಲಿ ಎಷ್ಟು ಶೇಕಡಾ ಇದೆ ಎಂಬುದನ್ನು ಒಂದೊಂದಾಗಿ ಇಲ್ಲಿ ಬರೆಯಿರಿ. ವ್ಯಕ್ತಿಗಳು, ಟ್ರಸ್ಟ್‌ಗಳು, ಕಂಪನಿಗಳು ಬೇರೆಬೇರೆಯಾಗಿ ಕಾಣಬೇಕು.

ಹೂಡಿಕೆದಾರರೊಬ್ಬರು: ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯ ಇದೆಯೇ ಸರ್? ಒಂದು ಕಂಪನಿ ಇನ್ನೊಂದರ ಷೇರು ಹಿಡಿದು, ಆ ಇನ್ನೊಂದು ತಿರುಗಿ ಇದರ ಷೇರು ಹಿಡಿಯುವುದನ್ನು 2013ರ ಕಂಪನಿ ಕಾಯ್ದೆಯ 19ನೇ ಕಲಂ ನಿಷೇಧಿಸಿದೆ. ಹಾಗಾಗಿ ಕ್ರಾಸ್ ಹೋಲ್ಡಿಂಗ್ ಎಂಬುದು ಈಗ ಉಳಿದಿಲ್ಲ. ಪ್ರವರ್ತಕರ ಶೇಕಡಾವಾರು ಪಾಲನ್ನೇ ಕುಟುಂಬದ ಪಾಲೆಂದು ತೆಗೆದುಕೊಂಡರೆ ಸಾಕು.

ಕಂಪನಿ ಸೆಕ್ರೆಟರಿ: ಕಲಂ ಸರಿ, ಅದರಿಂದ ನೀವು ತೆಗೆದ ತೀರ್ಮಾನ ಸರಿಯಲ್ಲ. 19ನೇ ಕಲಂ ತಡೆಯುವುದು ಅಧೀನ ಕಂಪನಿಯು ತನ್ನ ಮೂಲ ಕಂಪನಿಯ ಷೇರು ಹಿಡಿಯುವುದನ್ನು ಮಾತ್ರ. ಅಧೀನ ಕಂಪನಿ ಎನಿಸಬೇಕಾದರೆ ಅದರ ಮತಬಲದ ಅರ್ಧಕ್ಕಿಂತ ಹೆಚ್ಚು ಭಾಗ ಮೂಲ ಕಂಪನಿಯ ಕೈಯಲ್ಲಿರಬೇಕು, ಇಲ್ಲವೇ ಅದರ ನಿರ್ದೇಶಕ ಮಂಡಳಿಯಲ್ಲಿ ಯಾರಿರಬೇಕು ಎಂಬುದನ್ನು ಮೂಲ ಕಂಪನಿ ನಿರ್ಧರಿಸುವಂತಿರಬೇಕು. ಒಂದೇ ಮನೆಯ ಎರಡು ಕಂಪನಿಗಳು ಪರಸ್ಪರ ಶೇ 15, ಶೇ 18 ಹೀಗೆ ಷೇರು ಹಿಡಿದಿದ್ದರೆ ಆ ಕಲಂ ಅವುಗಳನ್ನು ಮುಟ್ಟುವುದೇ ಇಲ್ಲ. ಅಧೀನ ಕಂಪನಿಯಾಗುವ ಮೊದಲೇ ಹಿಡಿದಿದ್ದ ಷೇರುಗಳಿಗೂ ಕಾಯ್ದೆಯಲ್ಲಿ ವಿನಾಯಿತಿ ಇದೆ, ಅವುಗಳ ಮೇಲೆ ಮತ ಹಾಕುವ ಹಕ್ಕು ಮಾತ್ರ ಇರುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಉದಾಹರಣೆಯನ್ನೇ ನೋಡಿ. ಟಾಟಾ ಕೆಮಿಕಲ್ಸ್‌ನಲ್ಲಿ ಟಾಟಾ ಸನ್ಸ್‌ಗೆ ಮೂರನೇ ಒಂದರ ಸನಿಹದ ಪಾಲಿದೆ, ಟಾಟಾ ಸನ್ಸ್‌ನಲ್ಲಿ ಟಾಟಾ ಕೆಮಿಕಲ್ಸ್‌ಗೆ ಸುಮಾರು ಶೇ 2.5ರಷ್ಟು ಪಾಲಿದೆ. ಇದರಲ್ಲಿ ಕಾನೂನು ಮೀರಿದ್ದೇನೂ ಇಲ್ಲ. ಆ ಟಾಟಾ ಸನ್ಸ್‌ನ ಸುಮಾರು ಶೇ 66 ಪಾಲು ದತ್ತಿ ಟ್ರಸ್ಟ್‌ಗಳ ಕೈಯಲ್ಲಿದೆ. ಆದ್ದರಿಂದ ಕುಟುಂಬದ ಹೆಸರು ಹೊತ್ತ ಸಮೂಹದ ಪ್ರವರ್ತಕ ಪಾಲೆಲ್ಲ ಕುಟುಂಬದ ಸ್ವಂತ ಆಸ್ತಿಯಾಗಿರಬೇಕು ಎಂದೇನೂ ಇಲ್ಲ. ಹೆಸರು, ಹತೋಟಿ, ಆಸ್ತಿ ಈ ಮೂರೂ ಒಂದೇ ಕಡೆ ಇರಬೇಕೆಂಬ ನಿಯಮವಿಲ್ಲ.

ಪ್ರಶ್ನೆ ಕೇಳಿದವರು: ಕೋಷ್ಟಕಗಳನ್ನು ತೆರೆದು ನೋಡಿದೆ. ಯಂತ್ರ ಕಂಪನಿಯಲ್ಲಿ ಕುಟುಂಬದ ಸದಸ್ಯರ ಹೆಸರಿನಲ್ಲಿ ಶೇ 8, ಕುಟುಂಬದ ಟ್ರಸ್ಟ್‌ನಲ್ಲಿ ಶೇ 12, ಒಂದು ಖಾಸಗಿ ಹೂಡಿಕೆ ಕಂಪನಿಯಲ್ಲಿ ಶೇ 20, ರಸಾಯನ ಕಂಪನಿಯ ಹೆಸರಿನಲ್ಲಿ ಶೇ 15 ಇದೆ. ರಸಾಯನ ಕಂಪನಿಯಲ್ಲಿ ಎರಡೇ ಸಾಲುಗಳಿವೆ: ಅದೇ ಹೂಡಿಕೆ ಕಂಪನಿಗೆ ಶೇ 40, ಯಂತ್ರ ಕಂಪನಿಗೆ ಶೇ 18.

ಕಂಪನಿ ಸೆಕ್ರೆಟರಿ: ಈಗ ದಾರಿ ಸ್ಪಷ್ಟವಾಯಿತು. ಒಂದು ಕಂಪನಿಯ ಹೆಸರು ಇನ್ನೊಂದರ ಪ್ರವರ್ತಕರ ಪಟ್ಟಿಯಲ್ಲಿದ್ದು, ಆ ಇನ್ನೊಂದರ ಹೆಸರು ಮೊದಲನೆಯದರ ಪಟ್ಟಿಯಲ್ಲೂ ಇದ್ದರೆ ಅದೇ ಕ್ರಾಸ್ ಹೋಲ್ಡಿಂಗ್‌ನ ಗುರುತು. ಎರಡೂ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡದೆ ಅದು ಕಾಣುವುದಿಲ್ಲ. ಒಂದೇ ಪಟ್ಟಿಯನ್ನು ಎಷ್ಟು ಸಲ ಓದಿದರೂ ‘ಪ್ರವರ್ತಕ ಸಮೂಹದ ಕಂಪನಿ’ ಎಂಬ ಒಂದು ಸಾಲಷ್ಟೇ ಸಿಗುತ್ತದೆ.

ಲೆಕ್ಕವನ್ನು ಹೀಗೆ ಮಾಡಿ. ರಸಾಯನ ಕಂಪನಿಯ ಬಳಿ ಇರುವ ಯಂತ್ರ ಕಂಪನಿಯ ಶೇ 15ರ ಬೆಲೆ 150 ಕೋಟಿ. ಯಂತ್ರ ಕಂಪನಿಯ ಬಳಿ ಇರುವ ರಸಾಯನ ಕಂಪನಿಯ ಶೇ 18ರ ಬೆಲೆ 72 ಕೋಟಿ. ಈ ಎರಡೂ ಸೇರಿ 222 ಕೋಟಿ. ಇದು ಯಾವ ವ್ಯಕ್ತಿಯ ಕೈಯಲ್ಲೂ ಇಲ್ಲ, ಎರಡು ಕಂಪನಿಗಳು ಪರಸ್ಪರರ ಕಪಾಟಿನಲ್ಲಿ ಇಟ್ಟುಕೊಂಡಿರುವ ಕಾಗದ. ನಿಮ್ಮ 782 ಕೋಟಿಯಿಂದ ಇದನ್ನು ಕಳೆದರೆ 560 ಕೋಟಿ ಉಳಿಯುತ್ತದೆ.

ಇದೇ ಉತ್ತರವನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಬಹುದು. ಸದಸ್ಯರು, ಟ್ರಸ್ಟ್ ಮತ್ತು ಹೂಡಿಕೆ ಕಂಪನಿ ಸೇರಿ ಯಂತ್ರ ಕಂಪನಿಯಲ್ಲಿ ಶೇ 40, ಅಂದರೆ 400 ಕೋಟಿ. ಹೂಡಿಕೆ ಕಂಪನಿಯ ಮೂಲಕ ರಸಾಯನ ಕಂಪನಿಯಲ್ಲಿ ಶೇ 40, ಅಂದರೆ 160 ಕೋಟಿ. ಒಟ್ಟು 560 ಕೋಟಿ. ಸಮೂಹದ ಗಾತ್ರವನ್ನು ಹೇಳುವಾಗಲೂ ಇದೇ ಎಚ್ಚರ ಬೇಕು. ಎರಡೂ ಕಂಪನಿಗಳ ಮಾರುಕಟ್ಟೆ ಮೌಲ್ಯವನ್ನು ಕೂಡಿ 1,400 ಕೋಟಿಯ ಸಮೂಹ ಎನ್ನುವುದು ರೂಢಿ, ಆದರೆ ಎರಡು ಸಲ ಎಣಿಸಿದ 222 ಕೋಟಿಯನ್ನು ತೆಗೆದರೆ ಅದು 1,178 ಕೋಟಿ. ಹೊರಗಿನ ಷೇರುದಾರರ 450 ಮತ್ತು 168 ಕೋಟಿಗಳನ್ನು ಕುಟುಂಬದ 560 ಕೋಟಿಗೆ ಕೂಡಿಸಿ ನೋಡಿ, ಅಷ್ಟೇ ಬರುತ್ತದೆ. ಹೀಗೆ ಎರಡೂ ಕಡೆ ತಾಳೆಯಾಗದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಎಂದು ತಿಳಿಯಿರಿ. ಹೂಡಿಕೆ ಕಂಪನಿಯ ಮೌಲ್ಯವನ್ನು ಮೂರನೆಯದಾಗಿ ಸೇರಿಸುವ ತಪ್ಪನ್ನೂ ಹಲವರು ಮಾಡುತ್ತಾರೆ. ಅದರ ಆಸ್ತಿ ಎಂದರೆ ಇವೇ ಷೇರುಗಳು, ಆದ್ದರಿಂದ ಅದನ್ನು ಮತ್ತೆ ಸೇರಿಸಬಾರದು.

ಹತೋಟಿಯ ಲೆಕ್ಕ ಬೇರೆ. ಸಾಮಾನ್ಯ ನಿರ್ಣಯಕ್ಕೆ ಮತ ಹಾಕುವ ದಿನ ರಸಾಯನ ಕಂಪನಿಯ ಶೇ 15ರ ಮತವನ್ನು ಹಾಕುವುದು ಅದರ ಆಡಳಿತ ಮಂಡಳಿ, ಆ ಮಂಡಳಿಯನ್ನು ಆರಿಸಿದ್ದು ಇದೇ ಕುಟುಂಬ. ಹಾಗಾಗಿ ಯಂತ್ರ ಕಂಪನಿಯಲ್ಲಿ ಕುಟುಂಬ ನಡೆಸುವ ಮತ ಶೇ 55 ಆದರೂ ಅದರ ಆರ್ಥಿಕ ಹಕ್ಕು, ಇನ್ನೊಂದು ಕಂಪನಿಯ ಮೂಲಕ ಸುತ್ತಿ ಬರುವುದನ್ನೆಲ್ಲ ಸೇರಿಸಿದ ಮೇಲೂ, ಸುಮಾರು ಶೇ 47.3. ರಸಾಯನದಲ್ಲಿ ಮತ ಶೇ 58, ಆರ್ಥಿಕ ಹಕ್ಕು ಸುಮಾರು ಶೇ 48.5. ಎರಡೂ ಕಡೆ ಅರ್ಧಕ್ಕಿಂತ ಕಡಿಮೆ ಆಸ್ತಿಯಿಂದ ಅರ್ಧಕ್ಕಿಂತ ಹೆಚ್ಚು ಮತ ಸಿಕ್ಕಿದೆ. ಆ ವ್ಯತ್ಯಾಸಕ್ಕೆ ತಗುಲಿದ ಹಣ ಕುಟುಂಬದ್ದಲ್ಲ, ಎರಡೂ ಕಂಪನಿಗಳ ಎಲ್ಲ ಷೇರುದಾರರದು. ಕ್ರಾಸ್ ಹೋಲ್ಡಿಂಗ್ ಬಗ್ಗೆ ನಾನು ಗಂಭೀರವಾಗಿ ಮಾತಾಡುವುದು ಈ ಕಾರಣಕ್ಕೆ. ಸಣ್ಣ ಷೇರುದಾರರ ಹಣವೇ ಅವರ ಮತದ ತೂಕವನ್ನು ಕಡಿಮೆ ಮಾಡುತ್ತದೆ.

ಸಮೂಹದೊಳಗಿನ ದೊಡ್ಡ ವ್ಯವಹಾರಗಳಿಗೆ ಷೇರುದಾರರ ಒಪ್ಪಿಗೆ ಕೇಳುವಾಗ ಮಾತ್ರ ಚಿತ್ರ ಬದಲಾಗುತ್ತದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಲಿಸ್ಟಿಂಗ್ ನಿಯಮಗಳ ಪ್ರಕಾರ ಕುಟುಂಬ ಮತ್ತು ಅದರ ಕಂಪನಿಗಳಂಥ ಸಂಬಂಧಿತ ಪಕ್ಷಗಳು ಅಂಥ ನಿರ್ಣಯದ ಪರವಾಗಿ ಮತ ಹಾಕುವಂತಿಲ್ಲ, ಆಗ ಯಂತ್ರ ಕಂಪನಿಯಲ್ಲಿ ಹೊರಗಿನ ಶೇ 45ರ ಮಾತೇ ನಡೆಯುತ್ತದೆ.

ಸಾಗಣೆ ಕಂಪನಿಯ ವಿಷಯ ಸರಳ. ಒಂದೇ ಲಾಂಛನ ಇದೆ ಎಂದ ಮಾತ್ರಕ್ಕೆ ಷೇರಿನ ಸಂಬಂಧ ಇರಬೇಕಿಲ್ಲ. ಐಪಿಒ ಪ್ರಾಸ್ಪೆಕ್ಟಸ್‌ನಲ್ಲಿ ‘ಗ್ರೂಪ್ ಕಂಪನಿ’ ಎಂದು ಪಟ್ಟಿ ಮಾಡುವಾಗ ಸೆಬಿ ಮುಖ್ಯವಾಗಿ ಕೇಳುವುದು ಸಂಬಂಧಿತ ಪಕ್ಷದ ವ್ಯವಹಾರ ನಡೆದಿದೆಯೇ ಎಂಬುದನ್ನು. ಒಂದೂ ಷೇರು ಹಂಚಿಕೊಳ್ಳದ ಕಂಪನಿಯೂ ಆ ಪಟ್ಟಿಗೆ ಬರಬಹುದು. ಹೂಡಿಕೆಯನ್ನೇ ಮುಖ್ಯ ಕಸುಬಾಗಿಸಿಕೊಂಡ ಕಂಪನಿಗಳ ನಿಯಮಗಳಲ್ಲಿ ರಿಸರ್ವ್ ಬ್ಯಾಂಕ್ ಸಮಾನ ಬ್ರಾಂಡ್ ಹೆಸರನ್ನೂ ಗುಂಪಿನ ಗುರುತುಗಳಲ್ಲಿ ಒಂದಾಗಿ ಎಣಿಸುತ್ತದೆ. ಆದ್ದರಿಂದ ‘ಗ್ರೂಪ್’ ಎಂಬ ಪದ ಕಂಡ ಕೂಡಲೇ ಯಾವ ನಿಯಮದ ಗ್ರೂಪ್ ಎಂದು ಕೇಳಿಕೊಳ್ಳಬೇಕು. ಯಂತ್ರ ಕಂಪನಿಯ ವಾರ್ಷಿಕ ವರದಿಯಲ್ಲಿ ಸಂಬಂಧಿತ ಪಕ್ಷಗಳ ಟಿಪ್ಪಣಿಯನ್ನು ತೆರೆದು, ‘ನಿರ್ದೇಶಕರ ಸಂಬಂಧಿಗಳ ಪ್ರಭಾವದಲ್ಲಿರುವ ಸಂಸ್ಥೆಗಳು’ ಎಂಬ ತಲೆಬರಹದ ಕೆಳಗೆ ಸಾಗಣೆ ಕಂಪನಿಯನ್ನು ಹುಡುಕಿ. ಅಲ್ಲಿ ಕಂಡು, ಅಧೀನ ಮತ್ತು ಸಹವರ್ತಿ ಕಂಪನಿಗಳನ್ನು ತೋರಿಸುವ AOC-1 ಪಟ್ಟಿಯಲ್ಲಿ ಕಾಣದಿದ್ದರೆ ಅದು ಯಂತ್ರ ಕಂಪನಿಯ ಅಧೀನ ಕಂಪನಿಯೂ ಅಲ್ಲ, ಅದರ ಗಣನೀಯ ಪ್ರಭಾವದಲ್ಲಿರುವ ಸಹವರ್ತಿಯೂ ಅಲ್ಲ. ಅದು ನೇರವಾಗಿ ಕುಟುಂಬದ ಯಾರದ್ದೋ ಕಂಪನಿ, ಅದರ ಲಾಭ ಲಿಸ್ಟೆಡ್ ಷೇರುದಾರರಿಗೆ ಬರುವುದಿಲ್ಲ. ಅದಕ್ಕೆ ಯಂತ್ರ ಕಂಪನಿ ಕೊಡುವ ಬಾಡಿಗೆಯ ಮೊತ್ತವೂ ಅದೇ ಟಿಪ್ಪಣಿಯಲ್ಲಿ ಇರುತ್ತದೆ, ಅದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವುದು ಒಳ್ಳೆಯದು.

ಸಣ್ಣ ಉದ್ದಿಮೆಯವರು: ನನ್ನ ಅನುಭವವನ್ನು ಹೇಳುತ್ತೇನೆ, ವಿಷಯಕ್ಕೆ ಸಂಬಂಧವಿದೆ ಎಂದುಕೊಂಡಿದ್ದೇನೆ. ನಾನೂ ನನ್ನ ತಮ್ಮನೂ ಎರಡು ಪ್ರೈವೇಟ್ ಕಂಪನಿಗಳನ್ನು ನಡೆಸುತ್ತೇವೆ. ಸಾಲಕ್ಕೆ ಅರ್ಜಿ ಹಾಕುವಾಗ ಬಂಡವಾಳ ಹೆಚ್ಚು ಕಾಣಲಿ ಎಂದು ನನ್ನ ಕಂಪನಿ ತಮ್ಮನ ಕಂಪನಿಯಲ್ಲಿ ಒಂದು ಕೋಟಿ ಹಾಕಿತು, ಅದೇ ಹಣದಿಂದ ತಮ್ಮನ ಕಂಪನಿ ನನ್ನ ಕಂಪನಿಯ ಹೊಸ ಷೇರು ಕೊಂಡಿತು. ಎರಡೂ ಬ್ಯಾಲೆನ್ಸ್ ಶೀಟ್‌ಗಳಲ್ಲಿ ತಲಾ ಒಂದು ಕೋಟಿ ಬಂಡವಾಳ ಹೆಚ್ಚಿತು. ಬ್ಯಾಂಕಿನವರು ಎರಡನ್ನೂ ಒಟ್ಟಿಗಿಟ್ಟು ನೋಡಿ ನೆಟ್‌ವರ್ತ್‌ನಿಂದ ಪೂರಾ ಕಳೆದುಬಿಟ್ಟರು. ನಮಗೆ ಮೋಸದ ಉದ್ದೇಶ ಇರಲಿಲ್ಲ, ಆದರೂ ಅರ್ಜಿ ತಿರಸ್ಕೃತವಾಯಿತು. ಇದರಲ್ಲಿ ತಪ್ಪೇನಿತ್ತು?

ನಿವೃತ್ತ ಬ್ಯಾಂಕ್ ಅಧಿಕಾರಿ: ನಿಮ್ಮ ಉದ್ದೇಶವನ್ನು ಯಾರೂ ಪ್ರಶ್ನಿಸುವುದಿಲ್ಲ, ಆದರೆ ಲೆಕ್ಕದಲ್ಲಿ ಹೊಸ ಹಣ ಎಲ್ಲಿದೆ ಎಂಬುದನ್ನು ತೋರಿಸಿ. ಹೊರಗಿನಿಂದ ಒಂದು ರೂಪಾಯಿಯೂ ಬಂದಿಲ್ಲ. ಅದೇ ಒಂದು ಕೋಟಿ ಎರಡು ಖಾತೆಗಳನ್ನು ಸುತ್ತಿ ಹೊರಟಲ್ಲಿಗೇ ಬಂದಿದೆ. ನಷ್ಟ ಬಂದ ದಿನ ಸಾಲ ಕೊಟ್ಟವನಿಗೆ ಆಸರೆಯಾಗುವುದು ಬಂಡವಾಳ. ಈ ಎರಡು ಕೋಟಿಯ ಹಿಂದೆ ನಿಂತಿರುವುದು ಪರಸ್ಪರರ ಷೇರು ಪತ್ರ ಮಾತ್ರ, ಒಂದು ಕಂಪನಿ ಬಿದ್ದರೆ ಇನ್ನೊಂದರ ಆಸ್ತಿಯೂ ಅದರ ಜೊತೆಗೇ ಬೀಳುತ್ತದೆ. ನಾನು ಕೆಲಸ ಮಾಡುತ್ತಿದ್ದಾಗ ಒಂದು ಗುಂಪಿನ ಎಲ್ಲ ಕಂಪನಿಗಳ ಹೂಡಿಕೆ ಟಿಪ್ಪಣಿಗಳನ್ನು ಒಂದೇ ಕಾಗದದಲ್ಲಿ ಬರೆದು, ಬಾಣದ ಗುರುತು ಹಾಕಿ, ಸುತ್ತಿ ಬರುವ ಬಾಣಗಳನ್ನೆಲ್ಲ ಅಳಿಸಿದ ಮೇಲೆ ಉಳಿದದ್ದನ್ನು ಮಾತ್ರ ಬಂಡವಾಳ ಎಂದು ಎಣಿಸುತ್ತಿದ್ದೆ.

ಹೂಡಿಕೆದಾರರೊಬ್ಬರು: 19ನೇ ಕಲಂ ವಿಷಯದಲ್ಲಿ ನನ್ನ ತಿಳಿವಳಿಕೆ ಅರ್ಧವಾಗಿತ್ತು, ಒಪ್ಪುತ್ತೇನೆ. ಆದರೂ ಒಂದು ಸಂದೇಹ ಉಳಿದಿದೆ. ಹಲವು ಕಂಪನಿಗಳನ್ನು ಒಂದಾಗಿ ತೋರಿಸುವ ಕನ್ಸಾಲಿಡೇಟೆಡ್ ಲೆಕ್ಕಪತ್ರದಲ್ಲಿ ಸಮೂಹದೊಳಗಿನ ಷೇರುಗಳನ್ನು ತೆಗೆದುಹಾಕುತ್ತಾರಲ್ಲವೇ? ಹಾಗಿದ್ದರೆ ಅದನ್ನೇ ನೋಡಿದರೆ ಈ ಎರಡು ಸಲದ ಎಣಿಕೆ ತಾನಾಗಿ ಹೋಗಬೇಕಲ್ಲ?

ಲೆಕ್ಕಪರಿಶೋಧಕಿ: ತೆಗೆದುಹಾಕುವುದು ಮೂಲ ಕಂಪನಿ ಮತ್ತು ಅಧೀನ ಕಂಪನಿಯ ನಡುವಿನದ್ದನ್ನು. ಇಲ್ಲಿ ಎರಡೂ ಕಂಪನಿಗಳು ಒಂದಕ್ಕೊಂದು ಅಧೀನವಲ್ಲ, ಇಬ್ಬರ ಮೇಲೂ ಇರುವುದು ಕುಟುಂಬ, ಮತ್ತು ಕುಟುಂಬ ಕನ್ಸಾಲಿಡೇಟೆಡ್ ಲೆಕ್ಕಪತ್ರ ಪ್ರಕಟಿಸುವುದಿಲ್ಲ. ಹೀಗಾಗಿ ಇಡೀ ಸಮೂಹವನ್ನು ಒಂದಾಗಿ ತೋರಿಸುವ ದಾಖಲೆ ಯಾರ ಬಳಿಯೂ ಇರುವುದಿಲ್ಲ.

ಇನ್ನು ಯಂತ್ರ ಕಂಪನಿಯ ಬಳಿ ಇರುವ ಶೇ 18ನ್ನು ಹೇಗೆ ತೋರಿಸಬೇಕು ಎಂಬುದರಲ್ಲಿ ನಮ್ಮ ವೃತ್ತಿಯಲ್ಲೇ ಒಮ್ಮತವಿಲ್ಲ. ಇಂಡ್ ಎಎಸ್ 28 ಎಂಬ ಲೆಕ್ಕಪತ್ರ ಮಾನದಂಡದಲ್ಲಿ ಶೇ 20 ಅಥವಾ ಹೆಚ್ಚು ಮತಬಲ ಇದ್ದರೆ ಗಣನೀಯ ಪ್ರಭಾವ ಇದೆ ಎಂದು ಭಾವಿಸಬೇಕು, ಅದಕ್ಕಿಂತ ಕಡಿಮೆಯಿದ್ದರೆ ಇಲ್ಲವೆಂದು ಭಾವಿಸಬೇಕು. ಆದರೆ ಇವೆರಡೂ ಪುರಾವೆ ಸಿಕ್ಕರೆ ಬದಲಾಗುವ ಊಹೆಗಳು. ಮಂಡಳಿಯಲ್ಲಿ ಸ್ಥಾನವಿದ್ದು ನೀತಿ ನಿರ್ಧಾರಗಳಲ್ಲಿ ಭಾಗವಹಿಸುತ್ತಿದ್ದರೆ ಶೇ 18 ಇದ್ದರೂ ಅದು ಸಹವರ್ತಿ ಕಂಪನಿಯೇ ಎಂದು ನಾನು ವಾದಿಸುತ್ತೇನೆ. ಆ ನಿರ್ದೇಶಕರು ಕುಟುಂಬದ ಪರವಾಗಿ ಕುಳಿತಿದ್ದಾರೆಯೇ ಹೊರತು ಯಂತ್ರ ಕಂಪನಿಯ ಪರವಾಗಿ ಅಲ್ಲ ಎಂದು ವಾದಿಸುವ ಹಿರಿಯರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಲಾರೆ. ಸಹವರ್ತಿ ಎಂದು ಒಪ್ಪಿದರೆ ರಸಾಯನದ ಲಾಭದ ಪಾಲು ಯಂತ್ರ ಕಂಪನಿಯ ಲಾಭಕ್ಕೆ ಸೇರುತ್ತದೆ, ಇಲ್ಲವಾದರೆ ಆ ಷೇರುಗಳನ್ನು ಮಾರುಕಟ್ಟೆ ಬೆಲೆಯಲ್ಲಿ ತೋರಿಸಬೇಕಾಗುತ್ತದೆ.

ಎರಡನೆಯ ರೀತಿಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಯಂತ್ರ ಕಂಪನಿಯ ಮೌಲ್ಯ 100 ಕೋಟಿ ಏರಿದರೆ ರಸಾಯನದ ಬಳಿ ಇರುವ ಷೇರುಗಳ ಬೆಲೆ 15 ಕೋಟಿ ಏರುತ್ತದೆ. ಮಾರುಕಟ್ಟೆ ಅದನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡರೆ ಅದರ ಶೇ 18, ಅಂದರೆ 2.7 ಕೋಟಿ, ಯಂತ್ರ ಕಂಪನಿಯ ನೆಟ್‌ವರ್ತ್‌ಗೇ ಹಿಂದಿರುಗುತ್ತದೆ. ಇಲ್ಲಿ ಮೊತ್ತ ಸಣ್ಣದು. ಎರಡೂ ಕಡೆ ಶೇ 40ರಷ್ಟಿದ್ದರೆ ಆ 2.7ರ ಜಾಗದಲ್ಲಿ 16 ಬರುತ್ತಿತ್ತು, ಅಂಥ ಕಡೆ ಷೇರಿನ ಬೆಲೆ ತನ್ನ ನೆರಳನ್ನೇ ಆಸ್ತಿಯೆಂದು ತೋರಿಸತೊಡಗುತ್ತದೆ.

ಗೃಹಿಣಿಯೊಬ್ಬರು: ನನ್ನ ಪ್ರಶ್ನೆಯೂ ಪ್ರವರ್ತಕರ ಪಟ್ಟಿಯದೇ. ನಾನು ಮದುವೆಯಾಗಿ ಇಪ್ಪತ್ತು ವರ್ಷಗಳಾದವು, ಅಣ್ಣನ ಕಂಪನಿಗೂ ನನಗೂ ಸಂಬಂಧವಿಲ್ಲ, ಅಪ್ಪ ಕೊಟ್ಟ ಸ್ವಲ್ಪ ಷೇರು ಮಾತ್ರ ಇದೆ. ಆದರೂ ಪ್ರತಿ ತ್ರೈಮಾಸಿಕ ಪ್ರವರ್ತಕ ಸಮೂಹದಲ್ಲಿ ನನ್ನ ಹೆಸರು ಬರುತ್ತದೆ. ಅದನ್ನು ತೆಗೆಸಲು ನನ್ನ ಷೇರುಗಳನ್ನು ಮಾರಲೇಬೇಕೆ?

ಕಂಪನಿ ಸೆಕ್ರೆಟರಿ: ಮಾರಲೇಬೇಕೆಂದಿಲ್ಲ ಮೇಡಂ. ಪ್ರವರ್ತಕರ ಒಡಹುಟ್ಟಿದವರು ನಿಯಮದ ಪ್ರಕಾರವೇ ಆ ಸಮೂಹಕ್ಕೆ ಸೇರುತ್ತಾರೆ, ಮದುವೆಯಿಂದ ಅದು ಬದಲಾಗುವುದಿಲ್ಲ. ಸೆಬಿಯ ಲಿಸ್ಟಿಂಗ್ ನಿಯಮ 31ಎ ಅಡಿಯಲ್ಲಿ ಮರುವರ್ಗೀಕರಣಕ್ಕೆ, ಅಂದರೆ ಪ್ರವರ್ತಕ ಸಮೂಹದಿಂದ ಸಾರ್ವಜನಿಕ ಷೇರುದಾರರ ವರ್ಗಕ್ಕೆ ಸೇರಿಸಲು, ಕಂಪನಿಗೆ ಅರ್ಜಿ ಕೊಡಬಹುದು. ಅದಕ್ಕೆ ನಿಮ್ಮ ಮತ್ತು ನಿಮಗೆ ಸಂಬಂಧಪಟ್ಟವರ ಮತಬಲ ಶೇ 10 ಮೀರಿರಬಾರದು, ಕಂಪನಿಯ ಮೇಲೆ ಹತೋಟಿ ಇರಬಾರದು, ಮಂಡಳಿಯಲ್ಲಿ ಪ್ರತಿನಿಧಿ ಇರಬಾರದು. ಬೇರೆ ಷರತ್ತುಗಳೂ ಇವೆ, ನಿಮ್ಮ ಅಣ್ಣನವರ ಕಂಪನಿಯ ಸೆಕ್ರೆಟರಿಯನ್ನೇ ಕೇಳುವುದು ಮೇಲು. ಮೂಲ ಪ್ರಶ್ನೆ ಇದಲ್ಲವಾದರೂ ನಿಮ್ಮ ಮಾತಿನಿಂದ ಒಂದು ಮುಖ್ಯ ಅಂಶ ಹೊರಬಂತು. ಪಟ್ಟಿಯಲ್ಲಿರುವ ಕುಟುಂಬ ಸದಸ್ಯರ ಶೇ 8 ಒಂದೇ ಕೈಯದ್ದು ಎಂದು ನಾನು ಮೇಲೆ ಭಾವಿಸಿದ್ದೆ. ಅದು ಹಾಗೆಯೇ ಇರಬೇಕಿಲ್ಲ. ಹೂಡಿಕೆ ಕಂಪನಿಯ ವಿಷಯದಲ್ಲೂ ಇದೇ ಮಾತು.

ಹೂಡಿಕೆ ಕಂಪನಿ ಲಿಸ್ಟೆಡ್ ಅಲ್ಲದಿದ್ದರೂ ಅದರ ವಾರ್ಷಿಕ ರಿಟರ್ನ್, ಅಂದರೆ MGT-7, ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿದರೆ ನೋಡಲು ಸಿಗುತ್ತದೆ. ಅದರ ಜೊತೆಗಿರುವ ಷೇರುದಾರರ ಪಟ್ಟಿಯನ್ನು ತೆರೆದು ನೋಡಿ.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಹೂಡಿಕೆ ಕಂಪನಿಯ ಶೇ 70 ಈಗಿನ ವ್ಯವಸ್ಥಾಪಕ ನಿರ್ದೇಶಕರ ಕುಟುಂಬದ್ದು, ಶೇ 30 ಅವರ ಚಿಕ್ಕಪ್ಪನ ಮಕ್ಕಳದ್ದು. ಟ್ರಸ್ಟ್‌ನ ಫಲಾನುಭವಿಗಳು ಯಾರು ಎಂಬುದು ಎಲ್ಲೂ ಸಿಗಲಿಲ್ಲ.

ಕಂಪನಿ ಸೆಕ್ರೆಟರಿ: ಹಾಗಾದರೆ ಲೆಕ್ಕ ಇನ್ನೊಮ್ಮೆ ಒಡೆಯುತ್ತದೆ. ಹೂಡಿಕೆ ಕಂಪನಿಯ ಕೈಯಲ್ಲಿರುವುದು ಯಂತ್ರದ 200 ಕೋಟಿ ಮತ್ತು ರಸಾಯನದ 160 ಕೋಟಿ, ಒಟ್ಟು 360 ಕೋಟಿ. ಅದರ ಶೇ 30, ಅಂದರೆ 108 ಕೋಟಿ, ಚಿಕ್ಕಪ್ಪನ ಮನೆಯದ್ದು. 560ರಿಂದ ಅದನ್ನು ಕಳೆದರೆ 452 ಕೋಟಿ ಉಳಿಯುತ್ತದೆ. ಹೂಡಿಕೆ ಕಂಪನಿಯ ಮತವನ್ನು ಮಾತ್ರ ಶೇ 70 ಇರುವವರೇ ಪೂರ್ತಿಯಾಗಿ ನಡೆಸುತ್ತಾರೆ. ಹೀಗಾಗಿ ಚಿಕ್ಕಪ್ಪನ ಮಕ್ಕಳ ಸ್ಥಿತಿಯೂ ಹೊರಗಿನ ಷೇರುದಾರರ ಸ್ಥಿತಿಯಂತೆಯೇ ಇದೆ: ಆಸ್ತಿ ಇದೆ, ಮಾತು ನಡೆಯುವುದಿಲ್ಲ. ಎರಡು ಮನೆಗಳ ನಡುವೆ ಮನಸ್ತಾಪ ಬಂದರೆ ಅದು ಮೊದಲು ಕಾಣುವುದು ಈ ಪ್ರೈವೇಟ್ ಕಂಪನಿಯಲ್ಲಿ, ಲಿಸ್ಟೆಡ್ ಕಂಪನಿಯ ಪಟ್ಟಿಯಲ್ಲಿ ಅಲ್ಲ. ಆದ್ದರಿಂದ ಅದರ ರಿಟರ್ನ್ ಅನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಆ 452ರಲ್ಲಿ ಟ್ರಸ್ಟ್‌ನ 120 ಕೋಟಿಯೂ ಸೇರಿದೆ, ಅದನ್ನು ಹೊರಗಿನಿಂದ ಬಿಡಿಸಲು ದಾರಿ ಇಲ್ಲ. ಶೇ 10 ಅಥವಾ ಹೆಚ್ಚಿನ ಪರೋಕ್ಷ ಹಕ್ಕುಳ್ಳ ಗಣನೀಯ ಫಲಾನುಭವಿ ಮಾಲೀಕರ ಹೆಸರಿಗೆ ಷೇರ್‌ಹೋಲ್ಡಿಂಗ್ ಪ್ಯಾಟರ್ನ್‌ನಲ್ಲಿ ಪ್ರತ್ಯೇಕ ಕೋಷ್ಟಕ ಇದೆ. ವಿವೇಚನಾಧಿಕಾರದ ಟ್ರಸ್ಟ್ ಆಗಿದ್ದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ಟ್ರಸ್ಟಿಯ ಹೆಸರು. ಯಾವ ಫಲಾನುಭವಿಗೆ ಎಷ್ಟು ಎಂಬುದನ್ನು ಟ್ರಸ್ಟಿಯೇ ಆಗಾಗ ತೀರ್ಮಾನಿಸುವಾಗ, ಇಂಥವರ ಪಾಲು ಇಷ್ಟು ಎಂಬ ಸಂಖ್ಯೆ ಟ್ರಸ್ಟ್ ಪತ್ರದಲ್ಲೇ ಇರುವುದಿಲ್ಲ. ನಿಮ್ಮ ಟಿಪ್ಪಣಿಯಲ್ಲಿ 332 ಕೋಟಿಯನ್ನು ಒಂದು ಸಾಲಿನಲ್ಲೂ ಟ್ರಸ್ಟ್‌ನ 120 ಕೋಟಿಯನ್ನು ಬೇರೆ ಸಾಲಿನಲ್ಲೂ ಬರೆದಿಡಿ, ಎರಡನ್ನೂ ಕೂಡಿಸಬೇಡಿ.